ನಿಂತ ಸೆಕೆಂಡ್ ಮುಳ್ಳು

ವೆಂಕಟರಮಣಪ್ಪನಿಗೆ ಸ್ಟ್ರೋಕ್ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ ಮಂಚ ಹಿಡಿದ ಮೇಲೆ, ಬೆಳಗಿನ ಎಂಟು ಗಂಟೆ ಎಂದರೆ ಅವನ ಹೆಂಡತಿ ಕೋಕಿಲಾಳಿಗೆ ಎದೆ ಡವಡವ. ಬಸವೇಶ್ವರನಗರದ ಅವರ ಮನೆಯಲ್ಲಿ ಆ ಹೊತ್ತಿಗೆ ವಾಚಿಗೆ ಟೈಮ್ ಕೂರಿಸಬೇಕಿತ್ತು.

ಇಬ್ಬರೂ ವಾಚ್ ಫ್ಯಾಕ್ಟರಿಯಲ್ಲಿದ್ದವರೇ. ಅವನು ಇನ್‌ಸ್ಪೆಕ್ಟರ್, ಅವಳು ಅವನ ಕೈಕೆಳಗೆ, ವಾಚಿನ ಓಟವನ್ನು ಹದದಲ್ಲಿಡುವ ಬ್ಯಾಲೆನ್ಸ್ ಚಕ್ರ ಕೂರಿಸುತ್ತಿದ್ದವಳು. ಮದುವೆಗೆ ಮುಂಚೆ ಲೈನಿನವರೆದುರು ಬೈಯುತ್ತಿದ್ದ, ಆಮೇಲೆ ಮನೆಯಲ್ಲಿ ಬೈದ. ಜಾಗ ಬದಲಾಯಿತು, ಬಾಯಿ ಬದಲಾಗಲಿಲ್ಲ.

ಅವನ ಎಡಗೈಯ ವಾಚು ದಿನಾ ಕೀ ಕೊಡಬೇಕಾದ ಹಳೆಯ ಮೆಕ್ಯಾನಿಕಲ್. ಅದರ ಹೆಚ್ಚುಗಾರಿಕೆ ಎಂದರೆ ಹ್ಯಾಕಿಂಗ್. ಪಕ್ಕದ ಕ್ರೌನನ್ನು, ಅಂದರೆ ಕೀ ಕೊಡುವ ತಿರುಪನ್ನು, ಹೊರಕ್ಕೆ ಎಳೆದರೆ ಒಳಗೊಂದು ಸಣ್ಣ ಲೀವರ್ ಬಂದು ಬ್ಯಾಲೆನ್ಸ್ ಚಕ್ರವನ್ನು ಒತ್ತಿ ಹಿಡಿಯುತ್ತದೆ. ಸೆಕೆಂಡ್ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ. ಒಳಕ್ಕೆ ಒತ್ತಿದರೆ ಮತ್ತೆ ಓಡುತ್ತದೆ. ಹಾಗಾಗಿ ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬಂದಾಗ ಎಳೆದು ನಿಲ್ಲಿಸಿ, ದೊಡ್ಡ ಮುಳ್ಳುಗಳನ್ನು ಸರಿಯಾಗಿ ಎಂಟಕ್ಕಿಟ್ಟು, ಗಂಟೆಗೆ ಸರಿಯಾಗಿ ರೇಡಿಯೋದಲ್ಲಿ ಬರುವ ಪಿಪ್ ಪಿಪ್ ಸದ್ದಿನಲ್ಲಿ ಕೊನೆಯ ಪಿಪ್ ಜೊತೆಗೇ ಒತ್ತಿದರೆ ವಾಚು ಸೆಕೆಂಡೂ ತಪ್ಪದೆ ಹೊರಡುತ್ತದೆ. ಈ ಸುಖವನ್ನು ಅವನು ಹೆಂಡತಿಗೆ ಯಾವತ್ತೂ ಬಿಟ್ಟುಕೊಟ್ಟಿರಲಿಲ್ಲ. ಈಗ ಬೇರೆ ದಾರಿಯಿರಲಿಲ್ಲ.

ಅವಳು ಒತ್ತುವಾಗ ಅವನ ಕಣ್ಣು ಮುಳ್ಳಿನ ಮೇಲೇ. ಒಂಬತ್ತಕ್ಕೆ ಮತ್ತೆ ಪಿಪ್ ಬಂದಾಗ ತಾಳೆ ನೋಡುವನು. ಹೊಂದಿದರೆ ಅವಳು ತಿಂಡಿ ತಿನ್ನಬಹುದು. ಹೊಂದದಿದ್ದರೆ ಅಲ್ಲೇ ಕೂತು ಮುಂದಿನ ಗಂಟೆಗೆ ಕಾಯಬೇಕು.

ಒಂದು ಬೆಳಿಗ್ಗೆ ಕೆಂಗೇರಿಯಿಂದ ಫೋನ್ ಬಂತು. ಅವಳ ಅಕ್ಕ ಅಂಜಮ್ಮನಿಗೆ ಉಸಿರು ಕಟ್ಟುತ್ತಿದೆ, ನಿನ್ನನ್ನೇ ಕೇಳ್ತಿದ್ದಾಳೆ, ಬೇಗ ಬಾ ಅಂದರು. ತಾಯಿ ಇಲ್ಲದ ಮನೆಯಲ್ಲಿ ಅವಳನ್ನು ಎತ್ತಿ ಆಡಿಸಿದ್ದು ಆ ಅಕ್ಕ. ಕೋಕಿಲಾಳ ಮನಸ್ಸು ಆಗಲೇ ಕೆಂಗೇರಿಯಲ್ಲಿತ್ತು. ಎಂಟರ ಪಿಪ್ ಮುಗಿದ ಮೇಲೆ ಕ್ರೌನ್ ಒಳಗೆ ಹೋಯಿತು.

"ತಪ್ಪಿತು," ಅಂದ ವೆಂಕಟರಮಣಪ್ಪ. "ಒಂಬತ್ತಕ್ಕೆ ಸರಿಮಾಡಿ ಹೋಗು."

ಅಕ್ಕನ ವಿಷಯ ಹೇಳಿದಳು. ಕಾಲು ಹಿಡಿದಳು. ಸಾಯೋರು ಒಂದು ಗಂಟೆ ಕಾಯ್ತಾರೆ ಬಿಡು, ಅಂದ. ಅವನನ್ನು ನೋಡಿಕೊಳ್ಳಲು ಒಪ್ಪಿ ಪಕ್ಕದ ಪೋರ್ಷನ್ನಿನ ಚೇತನಾ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಕಾಯಲು ಹೇಳಿದ. ಕೋಕಿಲಾ ಎದ್ದು ಹೋಗಿಬಿಡಬಹುದಿತ್ತು. ಅಷ್ಟು ವರ್ಷದ ಹೆದರಿಕೆ ಬಿಡಲಿಲ್ಲ, ಅಲ್ಲೇ ಕೂತಳು. ಒಂಬತ್ತಕ್ಕೆ ಒತ್ತಿದಳು, ಸರಿಯಾಗಿ ಕೂತಿತು. ಆಟೋ ಹಿಡಿದು ಕೆಂಗೇರಿ ಮುಟ್ಟುವ ಹೊತ್ತಿಗೆ ಅಂಜಮ್ಮನ ಬಾಯಿಗೆ ತುಳಸಿ ಇಟ್ಟಿದ್ದರು.

ಮಣ್ಣು ಮುಗಿಸಿ ಬಂದ ಮಾರನೆಯ ಬೆಳಿಗ್ಗೆ ಕೋಕಿಲಾ ಎಂದಿನಂತೆ ಗಂಡನ ಮಂಚದ ಬಳಿ ಕೂತಳು. ಅವನ ಕೈಯಿಂದ ವಾಚು ಬಿಚ್ಚಿ ಕೀ ಕೊಟ್ಟಳು. ಮುಳ್ಳು ಹನ್ನೆರಡಕ್ಕೆ ಬರುತ್ತಲೇ ಕ್ರೌನ್ ಎಳೆದಳು. ದೊಡ್ಡ ಮುಳ್ಳುಗಳನ್ನು ಎಂಟಕ್ಕಿಟ್ಟಳು. ಕ್ರೌನ್ ಹೊರಗಿರುವಂತೆಯೇ ವಾಚನ್ನು ಅವನ ಎಡಗೈಗೆ ಕಟ್ಟಿ, ಪಟ್ಟಿ ಬಿಗಿದಳು. ಪಿಪ್‌ಗಳು ಒಂದೊಂದಾಗಿ ಬಂದವು. ಕೊನೆಯದೂ ಬಂತು. ಅವಳು ಕ್ರೌನ್ ಒತ್ತದೆ ಕೈ ಮಡಿಲಲ್ಲಿಟ್ಟುಕೊಂಡಳು.

"ಒತ್ತೇ," ಅಂದ. ವಾರ್ತೆ ಶುರುವಾಗಿತ್ತು. "ಕಿವುಡೀನಾ? ಒತ್ತು."

"ಅಕ್ಕ ನನ್ನ ಹೆಸರು ಹಿಡಿದು ಕೂಗ್ತಾನೇ ಹೋದಳಂತೆ ರೀ," ಅಂದು ಅವಳು ಎದ್ದು ಅಡುಗೆಮನೆಗೆ ಹೋದಳು.

ಅಲ್ಲಿಂದಲೇ ಕೇಳಿಸಿಕೊಂಡಳು. ಮೊದಲು ಬೈಗುಳ, ಆಮೇಲೆ ಮಂಚ ಕಿರುಗುಟ್ಟಿದ್ದು. ವಾಚು ಕಟ್ಟಿದ ಕೈ ತನ್ನ ಮಣಿಕಟ್ಟನ್ನು ತಾನೇ ಮುಟ್ಟಲಾರದು; ಮುಟ್ಟಬೇಕಾದ ಕೈ ಸತ್ತಿತ್ತು. ಹಲ್ಲು ಹಚ್ಚಿ ನೋಡಿದ, ಜಾರಿತು. ಕೊನೆಗೆ ಮಂಚದ ಕಬ್ಬಿಣದ ಪಟ್ಟಿಗೆ ಮಣಿಕಟ್ಟು ಉಜ್ಜಿ ಉಜ್ಜಿ ಕ್ರೌನ್ ಒಳಗೆ ತಳ್ಳಿದ. ಅವಳು ದೋಸೆ ತಿಂದು ಬಂದಾಗ ಚರ್ಮ ಕಿತ್ತು ರಕ್ತ ಒಸರುತ್ತಿತ್ತು. ಮುಳ್ಳು ಓಡುತ್ತಿತ್ತು. ಆದರೆ ಎಂಟು ಎಂದು ಹೊರಟದ್ದು ಯಾವ ಗಳಿಗೆಯಲ್ಲೋ. ವಾಚು ಎಷ್ಟು ಹಿಂದಿದೆ ಎಂದು ಅವನಿಗೆ ಗೊತ್ತಿಲ್ಲ. ತಾಳೆ ನೋಡಲು ರೇಡಿಯೋವೂ ಇಲ್ಲ, ಎದ್ದು ಹೋಗುವಾಗಲೇ ಅವಳು ಆರಿಸಿದ್ದಳು.

"ಈಗ ಟೈಮ್ ಎಷ್ಟು?" ಅಂದ. ಅವಳು ರಕ್ತ ಒರೆಸಿ, ಮುಲಾಮು ಹಚ್ಚಿ, ಕ್ರೌನನ್ನು ಮತ್ತೆ ಹೊರಕ್ಕೆ ಎಳೆದಳು. ಮುಳ್ಳು ನಿಂತಿತು. ಅವನು ಮುಖ ಗೋಡೆಗೆ ತಿರುಗಿಸಿ ಅತ್ತ. ಅವಳಿಗೆ ಕನಿಕರ ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಹಿಂಸೆ ಕೊಡುವುದು ತನಗೂ ಇಷ್ಟು ಸುಲಭವಾಗಿ ಕೈಗೆ ಹತ್ತಿತಲ್ಲ ಎಂದು ಮಾತ್ರ ಹೆದರಿಕೆಯಾಯಿತು.

ಆಮೇಲೂ ಅವಳು ಇದನ್ನು ಬಿಡಲಿಲ್ಲ, ಅವನ ಕೈಯ ವಾಚಿನ ಕ್ರೌನ್ ಹೊರಗೇ ಇತ್ತು. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಸ್ನಾನ ಎಲ್ಲ ಕೊಟ್ಟಳು, ಟೈಮ್ ಒಂದನ್ನು ಬಿಟ್ಟು. ಅಂಜಮ್ಮನ ತಿಥಿಯ ದಿನ ಚೇತನಾ ನೋಡಿಕೊಳ್ಳಲು ಬಂದಳು. ಮಂಚದ ಮೇಲಿನವನು ಅವಳತ್ತ ಕೈ ಚಾಚಿದ. ವಾಚು ನಿಂತಿದೆಯಲ್ಲ ಆಂಟಿ, ಒತ್ತಿಬಿಡ್ಲಾ, ಅಂತ ಚೇತನಾ ಕೇಳಿದಳು.

"ಬೇಡಮ್ಮ, ಹಾಗೇ ಇರ್ಲಿ," ಅಂದು ಕೋಕಿಲಾ ಚಪ್ಪಲಿ ಮೆಟ್ಟಿ ಕೆಂಗೇರಿ ಬಸ್ಸಿಗೆ ನಡೆದಳು.