ಮೂರನೇ ಮೇಜಿನವಳ ಒಂದು ವರ್ಷ

ಆಂಬುಲೆನ್ಸ್ ಬೇಕೆಂದು ಜನ ಮಾಡುವ ಕರೆಗಳೆಲ್ಲ ಬಂದು ಸೇರುವ ಆ ಕೊಠಡಿಯಲ್ಲಿ ಎಂಟು ಮೇಜುಗಳಿದ್ದವು. ಮೂರನೆಯದರಲ್ಲಿ ಆರು ವರ್ಷ ಕೂತಿದ್ದವಳನ್ನು ಎಲ್ಲರೂ ಮೆಲುದನಿ ಎಂದೇ ಕರೆಯುತ್ತಿದ್ದರು. ಪಕ್ಕದ ಮೇಜಿನವರಿಗೂ ಕೇಳಿಸದಷ್ಟು ಮೆತ್ತಗೆ ಮಾತಾಡುತ್ತಿದ್ದಳು. ಏಪ್ರಿಲ್ ಕೊನೆಯಲ್ಲಿ ಅವಳನ್ನು ಅಲ್ಲಿಂದ ಎಬ್ಬಿಸಿ ಕೆಳಮಹಡಿಯ ಕಡತದ ಕೋಣೆಗೆ ಹಾಕಿದರು. ಜುಲೈಯಲ್ಲಿ ಐದು ದಿನದ ಜ್ವರ ಶ್ವಾಸಕೋಶಕ್ಕೆ ಇಳಿದು ತೀರಿಕೊಂಡಳು.

ಸುದ್ದಿ ಬಂದಾಗ ಮೇಲ್ವಿಚಾರಕಿ ನಲ್ಲಿಯ ಕೆಳಗೆ ಊಟದ ಡಬ್ಬಿ ತೊಳೆಯುತ್ತಿದ್ದಳು. ಮೊದಲು ಕಣ್ಣಿಗೆ ಬಂದದ್ದು ಮೆಲುದನಿಯ ಮುಖವಲ್ಲ, ಒಂದು ಅಂಕಿ. ಐದಕ್ಕೆ ಎರಡು. ಮಾರ್ಚ್ ತಿಂಗಳಲ್ಲಿ ಅವಳ ಮೌಲ್ಯಮಾಪನದ ನಮೂನೆಯ ಮೇಲೆ ತಾನೇ ಕೈಯಾರೆ ಬರೆದ ಅಂಕಿ.

ಆ ಮಾರ್ಚ್‌ನಲ್ಲಿ ಆದದ್ದು ಇಷ್ಟು. ಎರಡು ದಿನದಲ್ಲಿ ಪಾಳಿಗಳೆಲ್ಲ ಸೇರಿ ಹನ್ನೊಂದು ಜನರ ನಮೂನೆ ತುಂಬಿಸಬೇಕಿತ್ತು. ‘ವರ್ಷದ ಸಾಧನೆಗಳು’ ಎಂಬ ಚೌಕದ ಮುಂದೆ ಪೆನ್ನು ಹಿಡಿದು ಕೂತರೆ ಮೆಲುದನಿಯ ಬಗ್ಗೆ ಏನೂ ನೆನಪಾಗಲಿಲ್ಲ. ಅಳುವ ಮಗುವಿಗೆ ಹಾಲು ಅನ್ನುತ್ತಾರೆ. ಅವಳು ಅಳುವ ಪೈಕಿ ಅಲ್ಲ, ಹೇಳಿಕೊಳ್ಳುವ ಪೈಕಿಯೂ ಅಲ್ಲ. ನೆನಪಿಗೆ ಬಂದದ್ದು ಫೆಬ್ರವರಿಯಲ್ಲಿ ಬಂದಿದ್ದ ಒಂದು ದೂರುಪತ್ರ ಮಾತ್ರ: ವಿಳಾಸ ತಪ್ಪಾಗಿ ಬರೆದುಕೊಂಡಿದ್ದರಿಂದ ಗಾಡಿ ಒಂಬತ್ತು ನಿಮಿಷ ತಡವಾಯಿತು ಎಂದು. ಮೇಲ್ವಿಚಾರಕಿ ಅದನ್ನೇ ಬರೆದಳು. ಎದುರಿಗೆ ಕೂರಿಸಿಕೊಂಡು ಓದಿ ಹೇಳಿದಾಗ ಮೆಲುದನಿ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ವರ್ಷಪೂರ್ತಿ ಇಷ್ಟೇನಾ ಮೇಡಂ?”

“ಇನ್ನೇನಾದ್ರೂ ಇದ್ರೆ ಹೇಳಮ್ಮ, ಸೇರಿಸ್ತೀನಿ.”

ಅವಳು ಯೋಚಿಸಿದಳು. “ಈಗ ಕೇಳಿದ್ರೆ ನಂಗೂ ನೆನಪಾಗ್ತಿಲ್ಲ,” ಎಂದು ಸಹಿ ಹಾಕಿದಳು. ಎರಡು ಅಂಕ ಬಂದವರನ್ನು ಕರೆ ತೆಗೆದುಕೊಳ್ಳುವ ಕೆಲಸದಲ್ಲಿ ಇಡಬಾರದೆಂದು ಆಗಷ್ಟೇ ನಿಯಮ ಬಂದಿತ್ತು.

ಸತ್ತ ಸುದ್ದಿ ಬಂದ ಮೇಲೆ ಆ ‘ಇಷ್ಟೇನಾ’ ಮೇಲ್ವಿಚಾರಕಿಯನ್ನು ಬಿಡಲಿಲ್ಲ. ಮೂರನೇ ಮೇಜಿಗೆ ಬೇರೊಬ್ಬಳು ಬಂದಿದ್ದಳು, ಓದು ಮುಗಿಸಿ ನೇರ ಕೆಲಸಕ್ಕೆ ಸೇರಿದ ಹೊಸಬಳು. ಆದರೂ ಬೆನ್ನು ಹಾಕಿ ನಿಂತಾಗ ಆ ಕಡೆಯಿಂದ ಹಳೆಯ ದನಿ ಕೇಳಿದಂತಾಗುತ್ತಿತ್ತು. ತಿರುಗಿದರೆ ಹೊಸಬಳು ಮಾತೇ ಆಡುತ್ತಿರಲಿಲ್ಲ.

ಆಗಸ್ಟ್ ಮೊದಲ ವಾರ ಮೇಲ್ವಿಚಾರಕಿ ಒಂದು ಉದ್ದನೆಯ ರಿಜಿಸ್ಟರ್ ತಂದು, ಒಬ್ಬೊಬ್ಬರಿಗೆ ಹತ್ತು ಪುಟದಂತೆ ಬಿಟ್ಟಳು. ಪ್ರತಿ ಶುಕ್ರವಾರ ಅರ್ಧ ಗಂಟೆ ಅದಕ್ಕೇ ಮೀಸಲು. ದಿನಾಂಕ, ಏನಾಯಿತು, ಅದರಿಂದ ಏನು ಫಲ, ಕರೆಯ ಸಂಖ್ಯೆ, ಯಾರು ಏನು ಹೇಳಿದರು, ತಾನು ಅವರಿಗೆ ಆಗಲೇ ಏನು ಹೇಳಿದೆ. ‘ಒಳ್ಳೆಯವಳು’, ‘ಸೋಮಾರಿ’ ಅನ್ನುವಂಥ ಮಾತು ಬರೆಯಕೂಡದೆಂದು ತನಗೆ ತಾನೇ ಕಟ್ಟುಪಾಡು ಹಾಕಿಕೊಂಡಳು, ನಡೆದದ್ದು ಮಾತ್ರ. ತಿಂಗಳಿಗೊಮ್ಮೆ ಅವರವರ ಪುಟ ಅವರವರಿಗೆ ತೋರಿಸಿ, ಬಿಟ್ಟುಹೋದದ್ದಿದ್ದರೆ ಅವರಿಂದಲೇ ಬರೆಸುತ್ತಿದ್ದಳು.

ಆರನೇ ಮೇಜಿನ ಮಾತಿನಮಲ್ಲ ಇದನ್ನು ನೋಡಿ ನಕ್ಕ. ಅವನಿದ್ದಲ್ಲಿ ನಗುವಿಗೆ ಬರವಿಲ್ಲ. ಮೇಲ್ವಿಚಾರಕಿಗೂ ಅವನೆಂದರೆ ಒಳಗೊಳಗೇ ಅಕ್ಕರೆ. ಹಿಂದಿನ ವರ್ಷ ಅವನಿಗೆ ಐದಕ್ಕೆ ಐದು ಕೊಟ್ಟಿದ್ದಳು.

“ಚಿತ್ರಗುಪ್ತನ ಕೆಲಸ ಯಾವಾಗಿಂದ ಮೇಡಂ?” ಎಂದ. “ಸಂಬಳ ಅಲ್ಲಿಂದ ಬರತ್ತೋ ಇಲ್ಲಿಂದನೋ?”

ಅವಳೂ ನಕ್ಕಳು. ಆ ವಾರ ಅವನ ಪುಟದಲ್ಲಿ ಬರೆದದ್ದು ನಗುವ ಸಂಗತಿಯಾಗಿರಲಿಲ್ಲ: ವಿಳಾಸವನ್ನು ಕರೆ ಮಾಡಿದವರಿಗೆ ತಿರುಗಿ ಹೇಳಿ ಖಚಿತಪಡಿಸಿಕೊಳ್ಳಲಿಲ್ಲ. ಕರೆ ಸಂಖ್ಯೆ ಇಷ್ಟು. ಅದೇ ದಿನ ಹೇಳಿದೆ, ಒಪ್ಪಿಕೊಂಡ.

ಆ ದಿನಗಳಲ್ಲೇ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಅಲ್ಲಿ ಎಲ್ಲ ಕರೆಗಳೂ ಧ್ವನಿಮುದ್ರಣವಾಗುತ್ತಿದ್ದವು. ಒಂದು ವರ್ಷ ಇಟ್ಟುಕೊಂಡು, ವರ್ಷ ತುಂಬಿದ ದಿನ ಕಂಪ್ಯೂಟರು ತಾನಾಗಿಯೇ ಅಳಿಸಿಬಿಡುತ್ತಿತ್ತು. ಅಂದರೆ ಕಳೆದ ಆಗಸ್ಟ್‌ನ ಮೆಲುದನಿ ಈಗ ದಿನಕ್ಕೊಂದು ದಿನದಂತೆ ಅಳಿದುಹೋಗುತ್ತಿದ್ದಳು.

ಮಾರನೆಯ ದಿನದಿಂದ ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಹೆಡ್‌ಫೋನು ಏರಿಸಿ ಕೂರತೊಡಗಿದಳು. ಮರುದಿನ ಅಳಿಯಲಿರುವ ಕರೆಗಳಲ್ಲಿ ಮೂರನೇ ಮೇಜಿನವನ್ನು ಆರಿಸಿ ಕೇಳುತ್ತಿದ್ದಳು. ಸತ್ತವಳ ದನಿ ಕಿವಿಯ ಒಳಗೇ ಮಾತಾಡುತ್ತಿತ್ತು. “ಹೇಳಿ, ನಾನಿಲ್ಲೇ ಇದೀನಿ.” ಪ್ರತಿ ಕರೆಯೂ ಹಾಗೇ ಶುರು. ಒಬ್ಬ ಮುದುಕನ ಎದೆಯನ್ನು ಅವನ ಸೊಸೆ ಒತ್ತುತ್ತಿದ್ದಾಳೆ, ಈ ಕಡೆಯಿಂದ ಇವಳು ಹನ್ನೊಂದು ನಿಮಿಷ ಒಂದೇ ಲಯದಲ್ಲಿ ಒಂದು, ಎರಡು, ಮೂರು, ನಾಲ್ಕು ಎಣಿಸುತ್ತಿದ್ದಾಳೆ. ಕೊನೆಗೆ ಗಾಡಿಯವರು ಒಳಗೆ ಬಂದ ಸದ್ದು, ಯಾರೋ “ಉಸಿರು ಬಂತು” ಎಂದದ್ದು. ಇನ್ನೊಂದರಲ್ಲಿ ಸ್ನಾನದ ಮನೆಯಲ್ಲಿ ಹೆರಿಗೆಯಾಗುತ್ತಿದ್ದ ಒಬ್ಬ ಹೆಣ್ಣುಮಗಳು. ಇದು ಯಾವುದನ್ನೂ ಮೆಲುದನಿ ಹೊರಗೆ ಬಂದು ಹೇಳಿರಲಿಲ್ಲ. ಎದ್ದು ನೀರು ಕುಡಿದು ಮುಂದಿನ ಕರೆ ತೆಗೆದುಕೊಂಡಿದ್ದಳು.

ಮೇಲ್ವಿಚಾರಕಿ ರಿಜಿಸ್ಟರಿನ ಕೊನೆಯಲ್ಲಿ ಅವಳಿಗೂ ಪುಟಗಳನ್ನು ತೆರೆದಳು.

ಡಬ್ಬಿ ತಿಂಗಳುಗಟ್ಟಲೆ ಹಾಗೇ ವಾಪಸು ಬರುವುದನ್ನು ನೋಡಿ ಗಂಡ ಒಂದು ಸಂಜೆ ಕೇಳಿದ. ಅವನು ಗಡಿಯಾರ ರಿಪೇರಿಯವನು, ಕಡಿಮೆ ಮಾತಿನವನು.

“ಸತ್ತೋದವಳಿಗೆ ಈಗ ಯಾವ ಬಡ್ತಿ ಕೊಡ್ತೀಯೇ?”

“ಬಡ್ತಿಗಲ್ಲ ರೀ.”

“ಮತ್ತೆ?”

“ಅವಳು ನನ್ನನ್ನ ಒಂದು ಪ್ರಶ್ನೆ ಕೇಳಿದ್ಲು. ಉತ್ತರ ಇನ್ನೂ ಕೊಟ್ಟಿಲ್ಲ.”

ಅವನು ಭೂತಗನ್ನಡಿ ತೆಗೆದು ಕೆಳಗಿಟ್ಟ. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂದಂಗಾಯ್ತು,” ಎಂದ. ಮಾತು ಚುಚ್ಚಿತೇನೋ ಅನ್ನಿಸಿರಬೇಕು, ಎದ್ದು ಬಂದು ಪಕ್ಕ ಕೂತ. “ಉರೀಲಿ ಬಿಡು. ಮಿಕ್ಕವರ ಅಡಿಗೆ ಆದ್ರೂ ಆಗತ್ತೆ.”

ಒಂದು ಕರೆಯನ್ನು ಮಾತ್ರ ಅವಳು ಮುಂದೂಡುತ್ತ ಬಂದಳು. ಫೆಬ್ರವರಿಯ ದೂರಿನ ಕರೆ. ನಿಜ ಹೇಳಬೇಕೆಂದರೆ ಅದನ್ನು ಆಗಲೂ ಕೇಳಿರಲಿಲ್ಲ. ದೂರುಪತ್ರ ಓದಿದ್ದಳು, ಪುರಸೊತ್ತಿರಲಿಲ್ಲ, ನಂಬಿದ್ದಳು. ಈಗ ಕಾಲವೇ ಆ ದಿನದ ಕಡೆಗೆ ನಡೆದು ಬರುತ್ತಿತ್ತು. ನಾಳೆ ಅಳಿಯುತ್ತದೆ ಅನ್ನುವ ದಿನ ಅದನ್ನು ತೆರೆದಳು.

ಕರೆ ಮಾಡಿದವನು ಗಾಬರಿಯಲ್ಲಿದ್ದ. ಅವನು ಹೇಳಿದ ರಸ್ತೆಯನ್ನು ಮೆಲುದನಿ ತಿರುಗಿ ಹೇಳಿದಳು. “ಹೌದು” ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಮತ್ತೆ “ಹೌದು” ಎಂದ. ಅವನು ತಾನು ಮೂರು ವರ್ಷದ ಹಿಂದೆ ಬಿಟ್ಟುಬಂದ ಹಳೇ ಮನೆಯ ರಸ್ತೆಯನ್ನು ಹೇಳುತ್ತಿದ್ದ. ಹತ್ತಿರದಲ್ಲಿ ಎದ್ದು ಕಾಣುವಂಥದ್ದು ಏನಿದೆ ಎಂದು ಅವಳು ಮೊದಲೇ ಕೇಳಬೇಕಿತ್ತು. ಅದನ್ನು ನಾಲ್ಕು ನಿಮಿಷ ಬಿಟ್ಟು ಕೇಳಿದಳು, ಆಗ ತಪ್ಪು ಬಯಲಾಯಿತು. ಆಮೇಲೆ ಗಾಡಿ ಬರುವವರೆಗೂ ಅವನ ಜೊತೆ ಇದ್ದಳು. ಕೊನೆಯಲ್ಲಿ ಅವನು ಅಳುತ್ತ, “ನೀವಿಲ್ದಿದ್ರೆ ನಾನೇನ್ ಮಾಡ್ತಿದ್ನೋ,” ಎಂದ. ದೂರು ಬರೆದವನು ಅವನಲ್ಲ, ಆಮೇಲೆ ಊರಿನಿಂದ ಬಂದ ಅವನ ಅಣ್ಣ.

ತಪ್ಪೇ ಇರಲಿಲ್ಲ ಎನ್ನುವಂತಿಲ್ಲ. ನಾಲ್ಕು ನಿಮಿಷದ್ದು ಅವಳದ್ದೇ. ಮೇಲ್ವಿಚಾರಕಿ ಅದನ್ನೂ ಬರೆದಳು. ಎರಡು ಅಂಕ ಮಾತ್ರ ಎಷ್ಟು ತಿರುಗಿಸಿ ನೋಡಿದರೂ ಆ ಪುಟಗಳಿಂದ ಹುಟ್ಟುವಂಥದ್ದಾಗಿರಲಿಲ್ಲ.

ಮಾರ್ಚ್ ಮೊದಲ ವಾರ ಎಲ್ಲರ ಅಂಕಗಳನ್ನು ಹೊಂದಿಸಿ ನೋಡುವ ಸಭೆ ನಡೆಯಿತು. ಸಿಬ್ಬಂದಿ ಅಧಿಕಾರಿ ಮೇಜಿನ ತಲೆಯಲ್ಲಿ ಕೂತಿದ್ದ. ಹೊಸಬಳ ಹೆಸರು ಬಂದಾಗ, “ಹೋದ ವಾರವೇ ಒಂದು ದೂರು ಬಂದಿದೆಯಲ್ಲ,” ಎಂದ. “ಎರಡು ಹಾಕಿ ಮುಗಿಸೋಣ.”

“ಆ ಕರೆ ನೀವು ಕೇಳಿದೀರಾ ಸಾರ್?”

“ದೂರು ಓದಿದೀನಿ.”

“ನಾನೂ ಹೋದ ವರ್ಷ ಹಾಗೇ ಮಾಡಿದ್ದೆ,” ಎಂದು ಮೇಲ್ವಿಚಾರಕಿ ರಿಜಿಸ್ಟರ್ ತೆರೆದಳು. ಓದುತ್ತಾ ಹೋದಳು. ಅಕ್ಟೋಬರ್‌ನಲ್ಲಿ ಕರೆ ಮಧ್ಯೆ ಕಡಿದುಹೋದಾಗ ತಿರುಗಿ ಮಾಡಿ ಹಿಡಿದದ್ದು, ಸಂಖ್ಯೆ ಸಮೇತ. ನವೆಂಬರ್‌ನಲ್ಲಿ ಗಾಡಿಯ ಚಾಲಕರು ಇವಳ ವಿಳಾಸಗಳೇ ಸಲೀಸು ಎಂದದ್ದು. ಡಿಸೆಂಬರ್‌ನಲ್ಲಿ ಆತುರ ಮಾಡುತ್ತಾಳೆ ಎಂದು ತಾನು ತಿದ್ದಿದ್ದು, ಜನವರಿಯಲ್ಲಿ ಕೇಳಿದ ಹತ್ತು ಕರೆಗಳಲ್ಲಿ ಒಂಬತ್ತು ಸರಿಹೋದದ್ದು. ಹೋದ ವಾರದ ದೂರು ಸರಿಯಾದದ್ದೇ, ಅದೂ ಇದೆ. “ನನ್ನ ಅಂಕ ನಾಲ್ಕು. ಕಡಿಮೆ ಮಾಡೋದಾದ್ರೆ ಇದರಲ್ಲಿ ಯಾವ ಸಾಲಿಗೆ ಅಂತ ಹೇಳಿ.”

ಅಧಿಕಾರಿ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡು ತಾನೇ ಓದಿದ. ನಾಲ್ಕು ಉಳಿಯಿತು.

ಮಾತಿನಮಲ್ಲನ ಸರದಿ ಬಂದಾಗ ಅವಳು ಅವನ ಪುಟ ತೆರೆದಳು. ಐದು ಅಂಕ ನಾಲಿಗೆಯ ತುದಿಯಲ್ಲೇ ಇತ್ತು. ಪುಟ ಹಾಗೆ ಹೇಳುತ್ತಿರಲಿಲ್ಲ. ಮೂರು ಸಲ ಒಂದೇ ತಪ್ಪು, ಮೂರು ಸಲವೂ ಹೇಳಿದ್ದು. “ಮೂರು,” ಎಂದಳು.

ಅದನ್ನು ತಿಳಿಸಿದ ದಿನ ಅವನು ರಿಜಿಸ್ಟರನ್ನು ತಿರುಗಿಸಿಕೊಂಡು ಮೂರೂ ಸಾಲು ಓದಿದ. ಆಮೇಲೆ ಸಿಟ್ಟಿನಿಂದ, “ಮೂರನೇ ಸಲದ್ದು ಲೈನ್ ಕೆಟ್ಟಿತ್ತು, ಅದನ್ನೂ ಬರೀರಿ,” ಎಂದ. ಕರೆ ಹಾಕಿ ಇಬ್ಬರೂ ಕೇಳಿದರು. ಲೈನ್ ಕೆಟ್ಟಿದ್ದು ಹೌದು. ಅವಳು ಅದನ್ನು ಸೇರಿಸಿದಳು. “ಆದ್ರೂ ಇನ್ನೆರಡು ನಂದೇ,” ಎಂದು ಅವನೇ ಮೆತ್ತಗೆ ಹೇಳಿ ಸಹಿ ಹಾಕಿದ. ಕೆಲವು ವಾರ ಅವಳ ಜೊತೆ ಕೆಲಸದ ಮಾತಿಗಿಂತ ಹೆಚ್ಚು ಆಡಲಿಲ್ಲ.

ಮೆಲುದನಿಯ ಪುಟಗಳನ್ನು ಹಿಡಿದು ಅವಳು ಅಧಿಕಾರಿಯ ಕೋಣೆಗೆ ಬೇರೆಯಾಗಿ ಹೋದಳು. ಮುಗಿದ ವರ್ಷದ ಅಂಕ ತಿದ್ದಲು ನಿಯಮದಲ್ಲಿ ಅವಕಾಶವಿಲ್ಲ ಎಂದ ಅವನು. ಅದು ಅವಳಿಗೂ ಗೊತ್ತಿತ್ತು. ಕಡತಕ್ಕೆ ಒಂದು ಟಿಪ್ಪಣಿ ಲಗತ್ತಿಸಬಹುದು, ಅಷ್ಟೆ.

“ಯಾರು ಓದ್ತಾರಮ್ಮ ಅದನ್ನ?” ಎಂದು ಅವನು ಕೇಳಿದ. ದನಿಯಲ್ಲಿ ಕೊಂಕು ಇರಲಿಲ್ಲ.

“ಓದದಿದ್ರೂ ಇರಲಿ ಸಾರ್.”

ಟಿಪ್ಪಣಿಯ ಮೊದಲ ಸಾಲು ಅವಳು ತನ್ನ ಬಗ್ಗೆಯೇ ಬರೆದಿದ್ದಳು: ಸಂಬಂಧಪಟ್ಟ ಕರೆಯನ್ನು ಕೇಳದೆ, ವರ್ಷದ ಯಾವ ದಾಖಲೆಯೂ ಇಲ್ಲದೆ ನಾನು ಈ ಅಂಕ ಕೊಟ್ಟೆ. ಅದರ ಕೆಳಗೆ ಮೂವತ್ತೊಂದು ಕರೆಗಳು. ಧ್ವನಿ ಯಾವುದರದ್ದೂ ಈಗ ಉಳಿದಿಲ್ಲ. ದಿನಾಂಕ ಮತ್ತು ಫಲ ಮಾತ್ರ.

ಕಡತದ ಕೋಣೆಗೆ ತಾನೇ ಇಳಿದಳು. ಮೆಲುದನಿ ಕೊನೆಯ ತಿಂಗಳುಗಳನ್ನು ಕಳೆದ ಜಾಗ. ಕಿಟಕಿಯಿಲ್ಲ, ಒಂದು ಟ್ಯೂಬ್‌ಲೈಟು ಮಿಣುಕುತ್ತಿತ್ತು. ಕಪಾಟಿನ ಕಡತಗಳ ಬೆನ್ನಿನ ಮೇಲೆ ಸಣ್ಣ ಅಚ್ಚುಕಟ್ಟಾದ ಅಕ್ಷರದ ಚೀಟಿಗಳು. ಆ ಕೈಬರಹ ಯಾರದೆಂದು ಕೇಳಬೇಕಾಗಿರಲಿಲ್ಲ. ಇಲ್ಲಿ ಮಾಡಿದ ಕೆಲಸದ ಲೆಕ್ಕವನ್ನೂ ಯಾರೂ ಇಟ್ಟಿರಲಿಲ್ಲ. ಮೆಲುದನಿಯದೇ ಕಡತವನ್ನು ಹುಡುಕಿ, ಐದಕ್ಕೆ ಎರಡು ಇದ್ದ ಹಾಳೆಯ ಹಿಂದೆ ಟಿಪ್ಪಣಿಯನ್ನು ದಾರದಿಂದ ಕಟ್ಟಿದಳು. ಅಂಕಿ ಹಾಗೇ ಇತ್ತು. ಹಾಗೇ ಇರುತ್ತದೆ.

ಕಡತ ಮುಚ್ಚಿ, ಚೀಟಿಗಳನ್ನು ಎಣಿಸಲು ಕಪಾಟಿನ ಮೊದಲ ಸಾಲಿಗೆ ಹೋಗಿ ನಿಂತಳು.