ಕುರಿದಾರಿಯ ಷರತ್ತು

ಕೂಡ್ಲಿಗಿಯ ಉಪನೋಂದಣಿ ಕಚೇರಿಯ ಎದುರಿನ ಕೋಣೆಯಲ್ಲಿ ವಕೀಲೆ ಸುಮಲತಾ, ಸೋಲಾರ್ ಕಂಪನಿಯೊಂದರ ಗುತ್ತಿಗೆ ಪತ್ರ ಓದುತ್ತಿದ್ದರು. ಎದುರಿಗೆ ಅವರ ಕಕ್ಷಿದಾರ, ಹೊಲದ ಮಾಲೀಕ ಪಾಲಾಕ್ಷಪ್ಪ. ಪಕ್ಕದಲ್ಲಿ ಕಂಪನಿಗೆ ಜಮೀನು ಹೊಂದಿಸಿಕೊಡುವ ಅಮರೇಶ್. ಇಬ್ಬರದೂ ಒಂದೇ ಊರು.

ಹೊಲ ಕೊಡಲು ಪಾಲಾಕ್ಷಪ್ಪನ ಅಡ್ಡಿಯಿರಲಿಲ್ಲ. ಆದರೆ ಅವನ ಕುರಿಹಿಂಡು ಹಳ್ಳದ ನೀರಿಗೆ ಹೋಗುವ ದಾರಿ ಆ ಹೊಲದ ನಡುವೆಯೇ ಇತ್ತು. ಬೇರೆ ದಾರಿ ಇರಲಿಲ್ಲ. ಅದು ಮುಚ್ಚಿದರೆ ಹಿಂಡನ್ನು ಮಾರಬೇಕು.

“‘ದಾರಿ ಬಿಡಬಹುದು’ ಅಂತ ಬರ್ದೀರಿ. ಅಂದ್ರ ಬಿಡದೇನೂ ಇರಬಹುದು. ‘ಬಿಡತಕ್ಕದ್ದು’ ಆಗ್ಬೇಕು,” ಎಂದರು ಸುಮಲತಾ.

“ಆತು, ಮಾಡ್ರಿ,” ಎಂದ ಅಮರೇಶ್.

ಅಷ್ಟು ಬೇಗ ಒಪ್ಪಿದ್ದು ಸುಮಲತಾಗೆ ಸರಿ ಕಾಣಲಿಲ್ಲ. ಷರತ್ತನ್ನು ಪೂರ್ತಿ ಓದಿದರು. ದಾರಿ ಬಿಡಬೇಕಾದದ್ದು ‘ಯೋಜನಾ ಕಾಮಗಾರಿ ಇಲ್ಲದ ಜಾಗದಲ್ಲಿ’. ಮೊದಲ ಪುಟದ ವ್ಯಾಖ್ಯೆಗಳಿಗೆ ಮರಳಿದರು. ಯೋಜನಾ ಕಾಮಗಾರಿಯು ಸೌರ ಫಲಕ, ಕೇಬಲ್, ಬೇಲಿಗಳನ್ನು ‘ಒಳಗೊಂಡಿರುತ್ತದೆ, ಆದರೆ ಇವಿಷ್ಟಕ್ಕೇ ಸೀಮಿತವಲ್ಲ’.

“ಇದರಾಗ ಏನ್ ಬೇಕಾದ್ರೂ ಬರ್ತೈತಿ, ಪಾಲಾಕ್ಷಪ್ಪ. ದಾರಿ ಮ್ಯಾಲೆ ಒಂದು ಶೆಡ್ ಹಾಕಿ, ಇದೂ ಕಾಮಗಾರಿ ಅಂತಾರ. ಆಮ್ಯಾಲೆ ದಾರಿ ಎಲ್ಲಿ?”

“‘ಸೀಮಿತವಲ್ಲ’ ಅನ್ನೋದನ್ನ ಹೊಡೆದು ಹಾಕ್ರಿ ಹಂಗಾರ,” ಎಂದ ಅಮರೇಶ್.

“ಹೊಡೆದ್ರೂ ‘ಒಳಗೊಂಡಿರುತ್ತದೆ’ ಉಳಿತೈತಲ್ಲ. ಇವು ಉದಾಹರಣಿ ಅಷ್ಟ, ಪಟ್ಟಿ ಮುಗಿದಿಲ್ಲ ಅಂತ ನಿಮ್ಮ ವಕೀಲರು ವಾದ ಮಾಡ್ತಾರ. ‘ಎಂದರೆ ಇವು ಮಾತ್ರ’ ಅಂತ ಬರೀಬೇಕು.”

“ಅದು ಕಂಪನಿ ಒಪ್ಪಲ್ಲ.” ಅಮರೇಶ್ ಪಾಲಾಕ್ಷಪ್ಪನತ್ತ ತಿರುಗಿದ. “ಒಂದು ಮಾತಿಗೆ ಇಷ್ಟು ಜಗ್ಗತಾರೇನು, ಪಾಲಾಕ್ಷಣ್ಣ?”

“ನಿಮ್ಮಪ್ಪ ಜಗ್ಗಿದ್ನಲ್ಲ. ಗೊಬ್ಬರಕ್ಕ ಒಂದು ರಾತ್ರಿ ನನ್ನ ಹಿಂಡು ಹೊಲದಾಗ ನಿಲ್ಲಿಸಿಕೊಂಡ, ಅದಕ್ಕ ಜ್ವಾಳ ಕೊಡ್ತೀನಿ ಅಂದ. ಮುಂಜಾನಿ ‘ಕುರಿ ಅಂದಿದ್ದೆ, ಆಡು ಅಂದಿಲ್ಲ’ ಅಂತ ಜ್ವಾಳ ಕಡಿಮಿ ಅಳೆದ. ಆಡಿನ ಹಿಕ್ಕಿ ಮಾತ್ರ ವಾಪಸ್ ಕೊಡ್ಲಿಲ್ಲ.”

“ಸತ್ತೋರನ್ನ ಯಾಕ ಎಳೀತಿ?”

“ಮಗ ಅವನಂಗ ಅದಾನ ಅಂತ.”

ಸುಮಲತಾ ಕೊನೆಯ ಪುಟದ ನಕ್ಷೆ ತೆಗೆದು, ದಾರಿಯ ಎರಡೂ ಬದಿಗೆ ಕೆಂಪು ಗೆರೆ ಎಳೆದರು.

“ಈ ಗೆರಿ ನಡುವಿನ ಜಾಗ ಗುತ್ತಿಗಿಗೆ ಕೊಡೋದೇ ಬ್ಯಾಡ. ಜಮೀನಿನ ಶೆಡ್ಯೂಲಿನಿಂದ ತೆಗೀರಿ. ಕೊಡದ ಜಾಗದಾಗ ನಿಮ್ಮ ಕಾಮಗಾರಿ ಬರಂಗಿಲ್ಲ.”

“ಕೇಬಲ್ ಹೆಂಗ ದಾಟಿಸ್ಬೇಕ್ರಿ?”

“ನೆಲದಡಿ ದಾಟಿಸಬಹುದು. ದಾರಿಯನ್ನು ಮುಚ್ಚತಕ್ಕದ್ದಲ್ಲ. ಎರಡೂ ಬರೀತೀನಿ.”

“ಪಕ್ಕದ ಹೊಲ ತಗೊಂತೀವಿ ಬಿಡ್ರಿ.”

“ತಗೋರಿ,” ಎಂದರು ಸುಮಲತಾ. ಪಾಲಾಕ್ಷಪ್ಪನ ಹೊಲದ ಹಿಂದಿರುವ ಹೊಲಗಳೆಲ್ಲ ಆಗಲೇ ಕಂಪನಿಗೆ ಹೋಗಿದ್ದವು, ಅಲ್ಲಿಗೆ ಲಾರಿ ಹೋಗಲು ಈ ಹೊಲವೇ ಬೇಕಿತ್ತು. ಅದು ಮೂವರಿಗೂ ಗೊತ್ತಿತ್ತು.

ಅಮರೇಶ್ ಕಂಪನಿಗೆ ಫೋನ್ ಮಾಡಲು ಹೊರಗೆ ಹೋದ. ಮರಳಿ ಬಂದು, ಯಾರ ಮುಖವನ್ನೂ ನೋಡದೆ ಕೆಂಪು ಗೆರೆಯ ಪಕ್ಕ ಕಂಪನಿಯ ಪರವಾಗಿ ಸಹಿ ಮಾಡಿ ಪೆನ್ನನ್ನು ಮೇಜಿನ ಮೇಲೆ ಎಸೆದ.

“ಇನ್ನ ಮ್ಯಾಲೆ ನಿನ್ನ ಹಿಂಡು ನಮ್ಮ ಹೊಲದಾಗ ಕಾಲಿಡಬಾರದು.”

ಪಾಲಾಕ್ಷಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ.

“ಹಿಂಡು ಅಂದ್ರ ಆಡೂ ಬಂದ್ವೇನಲೇ?”