ಕುದಿಸಿದ ಸ್ಪಂಜು

ಸಾಕುವ ಮೀನಿನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮೊಮ್ಮಗಳು ಎರಡೂ ಕೈಗಳನ್ನು ಲಂಗದ ಜೇಬಿಗೆ ಸೇರಿಸಿಬಿಟ್ಟಳು. ಎಂಟು ವರ್ಷದ ಹುಡುಗಿ. ಮನೆಯ ತೊಟ್ಟಿಯಲ್ಲಿದ್ದ ಏಳು ಮೀನುಗಳು ಸತ್ತು ಹತ್ತು ದಿನವಾಗಿತ್ತು. ಅಂದಿನಿಂದ ಅವಳು ಮನೆಯ ಹೂಕುಂಡಕ್ಕೂ ನೀರು ಹಾಕುತ್ತಿರಲಿಲ್ಲ. ತನ್ನ ಕೈಗುಣವೇ ಸರಿಯಿಲ್ಲ ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು.

ಹೊಸ ಮೀನು ಕೊಡಿಸಿದರೆ ಸರಿಹೋಗುತ್ತಾಳೆ ಎಂದು ತಾತ ಕರೆದುಕೊಂಡು ಬಂದಿದ್ದರು. ಮೂವತ್ತಾರು ವರ್ಷ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಕತ್ತರಿ, ಚಿಮುಟ ಕುದಿಸಿದ ಮನುಷ್ಯ ಅವರು. ಕ್ರಿಮಿ ಎಂದರೆ ಅವರಿಗೆ ಹುಟ್ಟಾ ವೈರಿ. ಮೀನು ಸಾಯುವ ಐದು ದಿನ ಮೊದಲು, ಮನೆಯಲ್ಲಿ ಯಾರೂ ಇಲ್ಲದಾಗ ಒಂದು ಕೆಲಸ ಮಾಡಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ. ತೊಟ್ಟಿಯನ್ನು ಯಾರೂ ಮುಟ್ಟಕೂಡದು ಎಂದು ಮನೆಗೆಲ್ಲ ಕಟ್ಟಪ್ಪಣೆ ಮಾಡಿದವರೂ ಅವರೇ!

ಎರಡು ತಿಂಗಳು ಚೆನ್ನಾಗಿದ್ದ ಏಳು ಮೀನೂ ಸತ್ತವು, ಹೊಸವು ಬೇಕು ಎಂದಷ್ಟೇ ತಾತ ಹೇಳಿದರು. ಅಂಗಡಿಯಾಕೆ ಗಾಜಿನ ತೊಟ್ಟಿಗಳ ನಡುವೆ ಅವರನ್ನು ಕರೆದೊಯ್ದಳು. ಮೊಮ್ಮಗಳು ಕೈ ಹೊರಗೆ ತೆಗೆಯದೆ ಕೆಂಪು ಮೀನೊಂದರ ಕಡೆ ಗಲ್ಲ ಎತ್ತಿ ತೋರಿಸಿದಳು.

"ಅದು ಬೇಡ ಪುಟ್ಟಿ. ರೆಕ್ಕೆ ಮುದುರಿಕೊಂಡು ಮೂಲೇಲಿ ನಿಂತಿದೆ ನೋಡು. ಈ ತೊಟ್ಟೀಲಿ ಒಂದು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ, ಅದರ ಜೊತೇದು ಯಾವುದೂ ಬೇಡ. ಮೈ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಇದ್ರೂ ಬೇಡ. ಇಲ್ನೋಡು, ಇವು ಹೆಂಗೆ ಓಡಾಡ್ತಿವೆ! ಊಟ ಹಾಕ್ತೀನಿ, ಓಡಿ ಬಂದು ತಿನ್ನೋದನ್ನ ನೋಡಿಕೊಂಡೇ ಆರಿಸ್ಬೇಕು."

ತೊಟ್ಟಿಯೊಳಗೆ ಇಡುವ ನೀರುಗಿಡವೂ ಆಯಿತು. ಎಲೆ ಗಟ್ಟಿಯಾಗಿರುವ, ಕೊಳೆಯದ ಒಂದನ್ನು ಆಕೆಯೇ ಆರಿಸಿ, ಎಲೆಯ ಹಿಂದೆ ಬಸವನಹುಳುವಿನ ಮೊಟ್ಟೆ ಇದೆಯೇ ಎಂದು ತಿರುವಿ ನೋಡಿ, "ಇದನ್ನ ಮರಳಲ್ಲಿ ಹೂಳ್ಬೇಡಿ, ಗೆಡ್ಡೆ ಕೊಳೆಯುತ್ತೆ. ಕಲ್ಲಿಗೆ ದಾರದಲ್ಲಿ ಕಟ್ಟಿ" ಎಂದಳು. ತಾತ ತಲೆಯಾಡಿಸುತ್ತಲೇ ಇದ್ದರು. ಬೇಗ ಮುಗಿದರೆ ಸಾಕಿತ್ತು ಅವರಿಗೆ.

"ಅಂದಹಾಗೆ, ಮೊದಲಿನವು ಹೆಂಗೆ ಹೋದ್ವು?"

"ನಾನು ಊಟ ಜಾಸ್ತಿ ಹಾಕ್ಬಿಟ್ಟೆ," ಎಂದಳು ಮೊಮ್ಮಗಳು. ಪಾಠ ಒಪ್ಪಿಸುವ ಧ್ವನಿ. "ನಾನೇ ಸಾಯ್ಸಿದ್ದು."

"ಎಷ್ಟು ಹಾಕಿದ್ದೆ?"

"ಒಂದಿನ ಎರಡು ಚಿಟಿಕೆ. ಒಂದೇ ಅಂತ ಅಮ್ಮ ಹೇಳಿದ್ರು."

"ಒಂದು ದಿನ ಎರಡು ಚಿಟಿಕೆಗೆ ಏಳು ಮೀನು ಹೋಗಲ್ಲ. ಎರಡು ತಿಂಗಳು ಚೆನ್ನಾಗಿತ್ತು ಅಂತೀರಿ. ಫಿಲ್ಟರ್ ನಿಂತಿತ್ತಾ ಸರ್? ಅದರೊಳಗಿನ ಸ್ಪಂಜು ಯಾರಾದ್ರೂ ತೊಳೆದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ತಾತನ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಯಿತು. "ಯಾಕೆ, ತೊಳೀಬಾರ್ದಾ?"

"ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತೆಗೆದು ಅದರಲ್ಲಿ ಒಂದೆರಡು ಸಲ ಹಿಂಡಿದ್ರೆ ಸಾಕು. ನಲ್ಲಿ ನೀರು ಬಿಟ್ರೆ ಅದರ ಕ್ಲೋರಿನ್ನಿಗೆ ಸ್ಪಂಜಲ್ಲಿರೋ ಒಳ್ಳೆ ಕ್ರಿಮಿ ಸಾಯುತ್ತೆ. ಮೀನಿನ ಹೊಲಸಿಂದ ಬರೋ ಅಮೋನಿಯಾ ತಿನ್ನೋದೇ ಅವು. ಅವಿಲ್ಲ ಅಂದ್ರೆ ನೀರು ಕನ್ನಡಿ ಹಂಗಿದ್ರೂ ವಿಷ."

ಒಳ್ಳೆಯ ಕ್ರಿಮಿ! ಮೂವತ್ತಾರು ವರ್ಷದಲ್ಲಿ ಆ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ತುಟಿ ಪಿಟಕ್ಕೆನ್ನದೆ ಮನೆಗೆ ಹೋಗಬಹುದಿತ್ತು, ಯಾರು ಕೇಳುತ್ತಿದ್ದರು? ಮೊಮ್ಮಗಳ ಜೇಬು ಒಳಗಿನ ಮುಷ್ಟಿಯಿಂದ ಉಬ್ಬಿತ್ತು. ಅದನ್ನು ನೋಡಿ ತಾತನಿಗೆ ತಡೆಯಲಾಗಲಿಲ್ಲ.

"ನಾನು ಕುದಿಸಿದೆ," ಎಂದರು.

"ಏನನ್ನ?"

"ಸ್ಪಂಜನ್ನ. ಕಂದು ಬಣ್ಣಕ್ಕೆ ತಿರುಗಿ ಗಲೀಜಾಗಿತ್ತು. ಇಪ್ಪತ್ತು ನಿಮಿಷ ಕುದಿಸಿದೆ. ಬೆಳ್ಳಗಾಯ್ತು. ಪುಟ್ಟಿ, ನಿನ್ನ ಊಟದಿಂದ ಅಲ್ಲ. ಮೀನು ಸತ್ತಿದ್ದು ನನ್ನಿಂದ."

ಅಂಗಡಿಯಾಕೆ ಒಳಗೆ ಹೋದಳು. ಮೊಮ್ಮಗಳು ತಾತನ ಮುಖವನ್ನೇ ನೋಡುತ್ತಾ ನಿಂತಳು. ಅವಳು ಅಳುತ್ತಾಳೆ, ಇಲ್ಲವೇ ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದರು. ಎರಡೂ ಆಗಲಿಲ್ಲ.

"ನಾನು ಅಳ್ತಿದ್ದಾಗ ನಿಮಗೆ ಗೊತ್ತಿತ್ತಾ?"

"ಪೂರ್ತಿ ಗೊತ್ತಿರ್ಲಿಲ್ಲ. ಅನುಮಾನ ಇತ್ತು."

"ಹೇಳ್ಲಿಲ್ಲ."

"ಹೇಳ್ಲಿಲ್ಲ. ನಾಚಿಕೆ ಆಯ್ತು."

ಅಂಗಡಿಯಾಕೆ ತನ್ನ ಹಳೆಯ ತೊಟ್ಟಿಯೊಂದರಿಂದ ಕಂದು ಬಣ್ಣದ ಸ್ಪಂಜನ್ನು, ಅದೇ ನೀರು ತುಂಬಿದ ಚೀಲದಲ್ಲಿ ತಂದಳು. "ಆ ತೊಟ್ಟೀಲಿ ಒಂದು ಮೀನೂ ಕಾಯಿಲೆ ಬಿದ್ದಿಲ್ಲ, ಅದಕ್ಕೇ ಕೊಡ್ತಿದ್ದೀನಿ. ಇವತ್ತು ಮೀನು ಬೇಡ. ಇದರಲ್ಲಿ ಒಳ್ಳೆ ಕ್ರಿಮಿ ತುಂಬಿವೆ, ಒಣಗೋಕೆ ಬಿಡ್ದೆ ಬೇಗ ಹೋಗಿ ಗಾಳಿ ಪಂಪಿಗೆ ಸಿಗಿಸಿ. ಮೂರು ದಿನ ಬಿಟ್ಟು ನೀರು ತನ್ನಿ, ಪರೀಕ್ಷೆ ಮಾಡಿ ಮೂರೇ ಮೂರು ಮೀನು ಕೊಡ್ತೀನಿ."

ತಾತ ಕೈ ಚಾಚಿದರು. ಅಷ್ಟರಲ್ಲಿ ಮೊಮ್ಮಗಳ ಎರಡೂ ಕೈ ಜೇಬಿನಿಂದ ಹೊರಬಂದಿದ್ದವು. ಚೀಲವನ್ನು ಅವಳೇ ಎದೆಗೊತ್ತಿ ಹಿಡಿದುಕೊಂಡಳು.

"ನೀವು ಮುಟ್ಬೇಡಿ ತಾತ," ಎಂದು ಮೆಟ್ಟಿಲಿಳಿದು ಮುಂದೆ ಮುಂದೆ ನಡೆದಳು. ತಾತ ಗಿಡದ ಪೊಟ್ಟಣ ಹಿಡಿದು, ಅವಳ ನಡಿಗೆಗೆ ಸರಿಗಟ್ಟಲಾಗದೆ, ನಾಲ್ಕು ಹೆಜ್ಜೆ ಹಿಂದೆ ಬಂದರು.